ನಿಪ್ಪಟ್ಟಿನ ಪ್ಯಾಕೆಟ್ ಮೇಲೆ ಏನು ಬರೆಯಬೇಕು? ಒಂದು ಲೇಬಲ್‌ನ ಪ್ರಕರಣ ಅಧ್ಯಯನ

ತಿಪಟೂರಿನ ಕಡೆಯ ಒಂದು ಕುಟುಂಬ. ಗಂಡ, ಹೆಂಡತಿ, ಗಂಡನ ತಾಯಿ. ಜೊತೆಗೆ ಕೆಲಸಕ್ಕೆ ಬರುವ ನಾಲ್ವರು ಹೆಂಗಸರು. ಮನೆಯ ಹಿಂದೆ ಶೀಟು ಹೊದಿಸಿದ ಒಂದು ಶೆಡ್, ಎರಡು ಬಾಣಲೆ, ಒಂದು ಸೀಲಿಂಗ್ ಮಷೀನ್. ವರ್ಷಗಳಿಂದ ಸಂತೆಯಲ್ಲಿ, ಬೇಕರಿಗಳಲ್ಲಿ ನಿಪ್ಪಟ್ಟು ಮಾರುತ್ತಿದ್ದವರು. ಸಾದಾ ಕವರಿನಲ್ಲಿ ಹಾಕಿ, ಮೇಲೆ ಹೆಸರಿನ ಚೀಟಿ ಅಂಟಿಸಿದರೆ ಅಲ್ಲಿ ಸಾಕಾಗುತ್ತಿತ್ತು. ಆಮೇಲೆ ಬೆಂಗಳೂರಿನ ಒಂದು ಸೂಪರ್ ಮಾರ್ಕೆಟ್ಟಿಗೆ ಕೊಡಲು ಹೋದರು. ಖರೀದಿ ವಿಭಾಗದವರು ನಿಪ್ಪಟ್ಟು ತಿಂದು ಚೆನ್ನಾಗಿದೆ ಅಂದರು. ಪ್ಯಾಕೆಟ್ ತಿರುಗಿಸಿ ಲೇಬಲ್ ನೋಡಿದವರೇ ವಾಪಸ್ ಕೊಟ್ಟರು.

ನನ್ನ ಕೆಲಸ ಸಣ್ಣ ತಿಂಡಿ ತಯಾರಕರಿಗೆ ಲೇಬಲ್ ಬರೆದುಕೊಡುವುದು. ಚಿತ್ರ ಬಿಡಿಸುವವರು ಬೇರೆ, ನಾನು ಅಕ್ಷರಗಳ ಕಡೆಯವನು. ಅವರು ತಂದ ಲೇಬಲ್ಲಿನಲ್ಲಿ ಇದ್ದದ್ದು ಇಷ್ಟು. ಮುಂಭಾಗದಲ್ಲಿ ದೊಡ್ಡದಾಗಿ "ಅಜ್ಜಿ ಕೈರುಚಿಯ ಮನೆಯಲ್ಲೇ ಮಾಡಿದ ನಿಪ್ಪಟ್ಟು". ಅದರ ಸುತ್ತ ನಕ್ಷತ್ರದ ಆಕಾರದ ಬಿಲ್ಲೆಗಳಲ್ಲಿ "100% ನ್ಯಾಚುರಲ್", "ನೋ ಪ್ರಿಸರ್ವೇಟಿವ್ಸ್", "ಕೊಲೆಸ್ಟ್ರಾಲ್ ಫ್ರೀ". ಹಿಂಭಾಗದಲ್ಲಿ ಪದಾರ್ಥಗಳು: ಅಕ್ಕಿ ಹಿಟ್ಟು, ಕಡಲೆಕಾಯಿ ಬೀಜ, ಹುರಿಗಡಲೆ, ಎಳ್ಳು, ಕರಿಬೇವು, ಮಸಾಲೆ, ಉಪ್ಪು, ಖಾದ್ಯ ತೈಲ. ಕೊನೆಗೆ "ಬೆಸ್ಟ್ ಬಿಫೋರ್ 6 ತಿಂಗಳು". ನೋಂದಣಿ ಸಂಖ್ಯೆ ಇತ್ತು, ಹಸಿರು ಚುಕ್ಕೆ ಇತ್ತು. ಪೋಷಕಾಂಶಗಳ ಪಟ್ಟಿ ಇರಲಿಲ್ಲ, ಅಲರ್ಜಿಯ ಸೂಚನೆ ಇರಲಿಲ್ಲ. ತಯಾರಿಸಿದ ದಿನಾಂಕವನ್ನು ಸೀಲ್ ಮಾಡಿದ ಮಡಿಕೆಯ ಮೇಲೆ ಒತ್ತಿದ್ದರು, ಓದಲು ಬರುತ್ತಿರಲಿಲ್ಲ.

ಎಲ್ಲರೂ ಲೇಬಲ್ ಕೆಲಸವನ್ನು ಮುಂಭಾಗದಿಂದ ಶುರು ಮಾಡುತ್ತಾರೆ. ಬಣ್ಣ, ಫೋಟೋ, ಘೋಷಣೆ. ನಾನು ಹಿಂಭಾಗದಿಂದ ಶುರು ಮಾಡುತ್ತೇನೆ. ಹಿಂದೆ ಏನು ಬರೆಯಬೇಕಾಗುತ್ತದೆ ಅನ್ನುವುದು ಗೊತ್ತಾಗದೆ ಮುಂದೆ ಏನು ಹೇಳಿಕೊಳ್ಳಬಹುದು ಅನ್ನುವುದು ಗೊತ್ತಾಗುವುದಿಲ್ಲ. ಹಿಂಭಾಗ ಬರೆಯಬೇಕಾದರೆ ಕಂಪ್ಯೂಟರ್ ಮುಂದೆ ಕೂತರೆ ಆಗದು, ತಕ್ಕಡಿ ಬೇಕು.

ಎಣ್ಣೆ ಎಷ್ಟನೇ ಸಾಲಿನಲ್ಲಿ?

ಪದಾರ್ಥಗಳ ಪಟ್ಟಿಗೆ ನಿಯಮ ಸರಳ. ತಯಾರಿಸುವಾಗ ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು, ಕಡಿಮೆಯದು ಕೊನೆಗೆ. 2020ರ ಆಹಾರ ಲೇಬಲಿಂಗ್ ನಿಯಮಾವಳಿ ಹೇಳುವುದು ಇದನ್ನೇ. ಆದರೆ ಮನೆಯವರು ಬರೆದಿದ್ದ ಕ್ರಮ ತೂಕದ್ದಲ್ಲ. ಯಾವುದು ಕೇಳಲು ಚೆನ್ನಾಗಿದೆಯೋ ಅದು ಮೇಲೆ, ಯಾವುದು ಚೆನ್ನಾಗಿಲ್ಲವೋ ಅದು ಕೆಳಗೆ. ಹಾಗಾಗಿ ಎಣ್ಣೆ ಕೊನೆಗೆ ಹೋಗಿತ್ತು.

ಒಂದು ದಿನದ ಪೂರ್ತಿ ತಯಾರಿಯನ್ನು ತೂಕ ಮಾಡಿಸಿದೆ. ಅಜ್ಜಿಗೆ ಇದು ಸ್ವಲ್ಪ ಕಿರಿಕಿರಿ, ಅವರದ್ದು ಕೈ ಅಂದಾಜು. ಬಂದ ಲೆಕ್ಕ ಇದು. ಅಕ್ಕಿ ಹಿಟ್ಟು 5 ಕಿಲೋ. ಹುರಿಗಡಲೆ ಹಿಟ್ಟು 1.2 ಕಿಲೋ. ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ 1 ಕಿಲೋ. ಮೈದಾ ಅರ್ಧ ಕಿಲೋ. ಅಚ್ಚ ಖಾರದ ಪುಡಿ 150 ಗ್ರಾಂ, ಉಪ್ಪು 140 ಗ್ರಾಂ, ಬಿಳಿ ಎಳ್ಳು 100 ಗ್ರಾಂ, ಕರಿಬೇವು 100 ಗ್ರಾಂ. ಇಂಗು 20 ಗ್ರಾಂ, ಅಡುಗೆ ಸೋಡ 10 ಗ್ರಾಂ. ಎಣ್ಣೆ ಬಿಟ್ಟು ಎಲ್ಲ ಸೇರಿ 8 ಕಿಲೋ 220 ಗ್ರಾಂ.

ಎಣ್ಣೆಯ ಲೆಕ್ಕ ಬೇರೆಯಾಗಿಯೇ ಮಾಡಬೇಕು. ಹಿಟ್ಟಿಗೆ ಕಾಯಿಸಿ ಹಾಕಿದ್ದು 300 ಗ್ರಾಂ. ಕರಿಯುವಾಗ ನಿಪ್ಪಟ್ಟು ಎಷ್ಟು ಕುಡಿಯಿತು? ಬಾಣಲೆಗೆ ಸುರಿದ ಎಣ್ಣೆ, ಮಧ್ಯೆ ಮಧ್ಯೆ ಸೇರಿಸಿದ ಎಣ್ಣೆ, ಇವೆರಡನ್ನೂ ಕೂಡಿಸಬೇಕು. ಕೊನೆಗೆ ಆರಿದ ಮೇಲೆ ಉಳಿದಿದ್ದನ್ನೂ ಜಾಲರಿಯ ಕೆಳಗೆ ಸೋರಿದ್ದನ್ನೂ ಕಳೆಯಬೇಕು. ಉತ್ತರ 2.1 ಕಿಲೋ. ಅಲ್ಲಿಗೆ ಒಟ್ಟು ಎಣ್ಣೆ 2.4 ಕಿಲೋ. ಕರಿದು ಆರಿಸಿದ ನಿಪ್ಪಟ್ಟಿನ ತೂಕ ಹೆಚ್ಚೂಕಡಿಮೆ 10 ಕಿಲೋ ಬಂತು, 200 ಗ್ರಾಂನ 50 ಪ್ಯಾಕೆಟ್. ಕಲಸಿದ ನೀರು ಕರಿಯುವಾಗ ಆವಿಯಾಗಿ ಹೋಗುತ್ತದೆ, ಆದ್ದರಿಂದ ಅದು ಪಟ್ಟಿಯಲ್ಲಿ ಬರುವುದಿಲ್ಲ.

ಅಂದರೆ ಎಣ್ಣೆಯ ಸ್ಥಾನ ಎರಡನೆಯದು. ಅಕ್ಕಿ ಹಿಟ್ಟಿನ ಪಕ್ಕದಲ್ಲೇ, ಕಡಲೆಕಾಯಿ ಬೀಜಕ್ಕಿಂತ ಎರಡು ಪಟ್ಟಿಗೂ ಜಾಸ್ತಿ.

"ಎಣ್ಣೇನ ಎರಡನೇದಾಗಿ ಬರೆದ್ರೆ ಯಾರು ತಗೋತಾರೆ ಸರ್?" ಅಂದರು ಯಜಮಾನರು.

ಅವರ ಹೆಂಡತಿಯೇ ಉತ್ತರ ಕೊಟ್ಟರು. "ನಿಪ್ಪಟ್ಟು ಎಣ್ಣೇಲಿ ಕರೀತಾರೆ ಅಂತ ಯಾರಿಗೆ ಗೊತ್ತಿಲ್ಲ ರೀ? ಬೇರೆಯವರ ಪ್ಯಾಕೆಟ್ ತಿರುಗಿಸಿ ನೋಡಿ, ಅಲ್ಲೂ ಮೇಲೇ ಇರುತ್ತೆ." ಅಂಗಡಿಯಿಂದ ತಂದಿದ್ದ ಕರಿದ ತಿಂಡಿಗಳ ಪ್ಯಾಕೆಟ್‌ಗಳನ್ನು ತಿರುಗಿಸಿ ನೋಡಿದೆವು. ಎಲ್ಲದರಲ್ಲೂ ಎಣ್ಣೆ ಮೊದಲ ಮೂರರ ಒಳಗೇ ಇತ್ತು. ಎಣ್ಣೆಯನ್ನು ಕೊನೆಗೆ ತಳ್ಳಿದ ಪಟ್ಟಿ ನೋಡಿದರೆ ಈ ವಿಷಯ ತಿಳಿದವರಿಗೆ ತಕ್ಷಣ ಅನುಮಾನ ಬರುತ್ತದೆ. ಖರೀದಿ ವಿಭಾಗದವರ ಕಣ್ಣಿಗೆ ಮೊದಲು ಬಿದ್ದದ್ದೂ ಅದೇ ಇರಬೇಕು.

ಇನ್ನೊಂದು ತಿದ್ದುಪಡಿ. "ಖಾದ್ಯ ತೈಲ" ಅಂತಷ್ಟೇ ಬರೆದರೆ ಆಗುವುದಿಲ್ಲ, ಯಾವ ಎಣ್ಣೆ ಅಂತ ಹೇಳಲೇಬೇಕು. ಇವರದ್ದು ಪಾಮೋಲಿನ್. ಅಡುಗೆ ಸೋಡ ಆಹಾರ ಸಂಯೋಜಕದ ಲೆಕ್ಕಕ್ಕೆ ಬರುತ್ತದೆ. ಅದನ್ನು ಕೆಲಸದ ಹೆಸರು ಮತ್ತು ಸಂಖ್ಯೆ ಸೇರಿಸಿ "ಉಬ್ಬಿಸುವ ಪದಾರ್ಥ, ಐಎನ್‌ಎಸ್ 500(ii)" ಎಂದು ಬರೆಯಬೇಕು. ಹಳೆಯ ಲೇಬಲ್ಲಿನಲ್ಲಿ ಸೋಡದ ಹೆಸರೇ ಇರಲಿಲ್ಲ, ಮೈದಾದ ಹೆಸರೂ ಇರಲಿಲ್ಲ. ಎರಡೂ ಬೇಕಂತಲೇ ಬಿಟ್ಟದ್ದಲ್ಲ. "ಅದೇನು ಮಹಾ, ಚಿಟಿಕೆ" ಅಂತ ಬಿಟ್ಟದ್ದು.

ಇಂಗಿನ ಡಬ್ಬಿ

ಅಲರ್ಜಿಯ ಸಾಲು ನಾನು ತುಂಬ ನಿಧಾನವಾಗಿ ಬರೆಯುವ ಜಾಗ. ಉಳಿದ ಯಾವ ತಪ್ಪಿಗೂ ನೋಟಿಸು, ದಂಡ, ವಾಪಸಾದ ಮಾಲು. ಇಲ್ಲಿ ತಪ್ಪಾದರೆ ಯಾರದೋ ಮಗು ಆಸ್ಪತ್ರೆ ಸೇರಬಹುದು.

ನಮ್ಮ ನಿಯಮದಲ್ಲಿ ಪಟ್ಟಿ ಇದೆ: ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇರುವ ಧಾನ್ಯಗಳು, ಸಿಗಡಿ ಏಡಿ ಜಾತಿಯವು, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಮತ್ತು ಒಂದು ಮಿತಿ ದಾಟಿದ ಸಲ್ಫೈಟ್. ಈ ನಿಪ್ಪಟ್ಟಿನಲ್ಲಿ ಕಡಲೆಕಾಯಿ ಇದೆ, ಅದು ಎಲ್ಲರಿಗೂ ಕಾಣುತ್ತದೆ. ಮೈದಾ ಇದೆ, ಅಂದರೆ ಗೋಧಿ, ಅಂದರೆ ಗ್ಲುಟೆನ್.

ಇಲ್ಲಿ ಯಜಮಾನರು ಒಂದು ಒಳ್ಳೆಯ ಯೋಚನೆ ತಂದರು. ಮೈದಾ ತೆಗೆದು ಅಷ್ಟಕ್ಕೂ ಅಕ್ಕಿ ಹಿಟ್ಟೇ ಹಾಕಿದರೆ "ಗ್ಲುಟೆನ್ ಫ್ರೀ" ಅಂತ ಮುಂದೆ ಬರೆಯಬಹುದಲ್ವಾ? ಬೆಂಗಳೂರಿನಲ್ಲಿ ಅದಕ್ಕೆ ಗಿರಾಕಿ ಇದ್ದಾರೆ. ನಾನು ಇಂಗಿನ ಡಬ್ಬಿ ತರಿಸಿ ಅದರ ಹಿಂಭಾಗ ಓದಿಸಿದೆ. ಅಂಗಡಿಯಲ್ಲಿ ಸಿಗುವ ಇಂಗು ಸಾಮಾನ್ಯವಾಗಿ ಕೂಟು ಇಂಗು. ಅಪ್ಪಟ ಇಂಗಿನ ಘಾಟು ತಡೆಯಲಾಗದು, ಆದ್ದರಿಂದ ಗೋಂದು ಮತ್ತು ಹಿಟ್ಟು ಸೇರಿಸಿ ಹದ ಮಾಡಿರುತ್ತಾರೆ. ಎಷ್ಟೋ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದ್ದೇ. ಇವರ ಡಬ್ಬಿಯಲ್ಲೂ ಹಾಗೇ ಇತ್ತು. 10 ಕಿಲೋಗೆ 20 ಗ್ರಾಂ ಇಂಗು, ಅದರಲ್ಲಿ ಒಂದು ಪಾಲು ಗೋಧಿ ಹಿಟ್ಟು. ಹಲವು ವಸ್ತು ಸೇರಿ ಆದ ಪದಾರ್ಥ ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ ಅದರ ಒಳಗಿನ ಪಟ್ಟಿಯನ್ನು ಬಿಡಿಸಿ ಬರೆಯಬೇಕಿಲ್ಲ ಎಂಬ ಸಡಿಲಿಕೆ ಇದೆ. ಅಲರ್ಜಿಯ ವಸ್ತುವಿಗೆ ಮಾತ್ರ ಆ ನೆಪ ನಡೆಯುವುದಿಲ್ಲ. ಗ್ಲುಟೆನ್ ಫ್ರೀ ಅನ್ನುವುದಕ್ಕೆ ಅಳತೆಯ ಮಿತಿ, ಪರೀಕ್ಷೆ ಎಲ್ಲ ಇದೆ. ಅದೇ ಶೆಡ್ಡಿನಲ್ಲಿ ಮೈದಾ ಚೀಲ ಬಿಚ್ಚಿಟ್ಟುಕೊಂಡು ಆ ಮಾತು ಹೇಳಲಾಗದು. ಯೋಚನೆ ಅಲ್ಲಿಗೇ ನಿಂತಿತು.

ಆಮೇಲೆ ಕೇಳಿದೆ, ಇದೇ ಬಾಣಲೆಯಲ್ಲಿ ಇನ್ನೇನು ಮಾಡುತ್ತೀರಿ? ವಾರಕ್ಕೊಮ್ಮೆ ಬೆಣ್ಣೆ ಮುರುಕು. ಹಿಟ್ಟು ಕಲಸುವ ಪಾತ್ರೆಯೂ ಅದೇ. ಹಾಗಾಗಿ ಎರಡು ಸಾಲು ಬೇಕಾಯಿತು. "ಕಡಲೆಕಾಯಿ ಮತ್ತು ಗೋಧಿ ಇದೆ" ಒಂದು. "ಹಾಲಿನ ಅಂಶ ಇರಬಹುದು" ಇನ್ನೊಂದು. ಮೊದಲನೆಯದು ಬೇಕಂತಲೇ ಹಾಕಿದ್ದಕ್ಕೆ, ಎರಡನೆಯದು ಅಕಸ್ಮಾತ್ ಸೇರುವುದಕ್ಕೆ. ಕೆಲವರು ಸುಮ್ನೆ ಸುರಕ್ಷತೆಗೆ ಅಂತ ಎಲ್ಲವನ್ನೂ "ಇರಬಹುದು" ಸಾಲಿಗೆ ತಳ್ಳುತ್ತಾರೆ. ಇದ್ದದ್ದನ್ನು "ಇರಬಹುದು" ಅಂದರೆ ಅದು ಸುಳ್ಳು.

ಎಳ್ಳು ನಮ್ಮ ಪಟ್ಟಿಯಲ್ಲಿಲ್ಲ. ಆದರೆ ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ಅಲರ್ಜಿ ವಸ್ತು ಎಂದು ಲೇಬಲ್ಲಿನಲ್ಲಿ ಹೇಳಲೇಬೇಕು. ಈ ಕುಟುಂಬದ ಪ್ಯಾಕೆಟ್ ಸದ್ಯಕ್ಕೆ ಅಲ್ಲಿ ಮಾರಾಟಕ್ಕೆ ಹೋಗುವುದಿಲ್ಲ, ಊರಿಗೆ ಬಂದ ಮಕ್ಕಳ ಸೂಟ್‌ಕೇಸಿನಲ್ಲಿ ಹೋಗುತ್ತದೆ ಅಷ್ಟೇ. ಆದರೂ ಒಂದು ಪದ ಸೇರಿಸುವುದಕ್ಕೆ ಖರ್ಚಿಲ್ಲ. ಸೇರಿಸಿದೆವು.

ಆರು ತಿಂಗಳು ಎಲ್ಲಿಂದ ಬಂತು?

"ಬೆಸ್ಟ್ ಬಿಫೋರ್ 6 ತಿಂಗಳು" ಅಂತ ಯಾಕೆ ಬರೆದಿರಿ ಅಂದರೆ, ಒಂದು ದೊಡ್ಡ ಕಂಪನಿಯ ಪ್ಯಾಕೆಟ್ ಮೇಲೆ ಹಾಗೆ ಇತ್ತು ಅಂದರು. ನಾನು ಬಹಳ ಕಡೆ ಕೇಳುವ ಉತ್ತರ ಇದು. ಆ ದೊಡ್ಡ ಕಂಪನಿಯ ಪ್ಯಾಕೆಟ್ ಒಳಗಡೆ ಬೆಳ್ಳಿ ಬಣ್ಣದ ಪದರ ಇರುತ್ತದೆ. ಬೆಳಕು, ತೇವ, ಗಾಳಿ ಮೂರನ್ನೂ ಅದು ತಡೆಯುತ್ತದೆ. ಒಳಗಿನ ಗಾಳಿ ತೆಗೆದು ಸಾರಜನಕ ತುಂಬಿರುತ್ತಾರೆ. ಇವರದ್ದು ಪಾರದರ್ಶಕ ಕವರು, ಕೈ ಸೀಲು. ಒಳಗಿನ ತಿಂಡಿ ಒಂದೇ ಇರಬಹುದು. ಬಾಳಿಕೆ ಮಾತ್ರ ತಿಂಡಿಯ ಜೊತೆಗೆ ಕವರಿನದ್ದೂ ಹೌದು.

ಕರಿದ ತಿಂಡಿ ಎರಡು ದಾರಿಯಲ್ಲಿ ಕೆಡುತ್ತದೆ. ತೇವ ಹಿಡಿದರೆ ಮೆತ್ತಗಾಗುತ್ತದೆ. ಎಣ್ಣೆ ಗಾಳಿ ಬೆಳಕಿಗೆ ಸೇರಿ ಹಳಸಿದರೆ ಕಮಟು ವಾಸನೆ ಬರುತ್ತದೆ. ನಿಪ್ಪಟ್ಟಿನಲ್ಲಿ ಕಡಲೆಕಾಯಿ ಚೂರುಗಳಿವೆ, ಅದರೊಳಗಿನ ಎಣ್ಣೆಯೂ ಹಳಸುತ್ತದೆ. ನೀರಿನ ಅಂಶ ಇಷ್ಟು ಕಡಿಮೆ ಇರುವುದರಿಂದ ಬೂಸ್ಟು ಹಿಡಿಯುವ ಸಂಭವ ಕಡಿಮೆ. ಹಾಗಾಗಿ ಇಲ್ಲಿ ಬಾಳಿಕೆಯನ್ನು ತೀರ್ಮಾನಿಸುವುದು ಗರಿಗರಿ ಮತ್ತು ವಾಸನೆ.

ಪರೀಕ್ಷೆಯನ್ನು ಹೀಗೆ ಮಾಡಿದೆವು. ಒಂದೇ ದಿನದ ಮಾಲನ್ನು ಎರಡು ಬಗೆಯ ಪ್ಯಾಕಿನಲ್ಲಿ ಹಾಕಿದೆವು, ಹಳೆಯ ಪಾರದರ್ಶಕ ಕವರು ಮತ್ತು ಬೆಳ್ಳಿ ಪದರದ ನಿಲ್ಲುವ ಪೌಚ್. ಎರಡರಲ್ಲೂ ಸಾರಜನಕ ಇಲ್ಲ. ಅರ್ಧ ಪ್ಯಾಕೆಟ್‌ಗಳನ್ನು ರಟ್ಟಿನ ಡಬ್ಬದಲ್ಲಿ, ಅರ್ಧವನ್ನು ಅಂಗಡಿಯಲ್ಲಿ ಇಡುವ ಹಾಗೆ ಟ್ಯೂಬ್‌ಲೈಟ್ ಕೆಳಗೆ ಇಟ್ಟೆವು. ಹತ್ತು ದಿನಕ್ಕೊಮ್ಮೆ ಒಂದೊಂದು ಬಿಚ್ಚಿ, ಆ ಮನೆಯವರಲ್ಲದ ಐದು ಜನಕ್ಕೆ ಕೊಟ್ಟು, ಯಾವುದು ಹೊಸದು ಯಾವುದು ಹಳೆಯದು ಅಂತ ಹೇಳದೆ ತಿನ್ನಿಸಿದೆವು. ತಿಂಗಳಿಗೊಮ್ಮೆ ಒಂದು ಪ್ಯಾಕೆಟ್ ಲ್ಯಾಬಿಗೆ ಹೋಗುತ್ತಿತ್ತು, ತೇವಾಂಶ ಮತ್ತು ಪೆರಾಕ್ಸೈಡ್ ಮೌಲ್ಯ ನೋಡಲು. ಎಣ್ಣೆ ಹಳಸಲು ಶುರುವಾದದ್ದು ಮೂಗಿಗೆ ಗೊತ್ತಾಗುವ ಮೊದಲೇ ಪೆರಾಕ್ಸೈಡ್ ಮೌಲ್ಯದಲ್ಲಿ ಕಾಣುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹಟ ಮಾಡಿದೆ. ಪರೀಕ್ಷೆಗೆ ತೆಗೆದುಕೊಳ್ಳುವ ಮಾಲು ಬೆಳಗಿನ ಮೊದಲ ಬಾಣಲೆಯದ್ದಲ್ಲ, ಸಂಜೆಯ ಕೊನೆಯದ್ದು. ದಿನವಿಡೀ ಕಾದ ಎಣ್ಣೆಯಲ್ಲಿ ಕರಿದದ್ದು ಬೇಗ ಕಮಟಾಗುತ್ತದೆ. ಕಾದು ಕೆಟ್ಟ ಎಣ್ಣೆಗೆ ಕಾನೂನಿನ ಮಿತಿಯೂ ಇದೆ, ಎಣ್ಣೆ ಕಾದು ಒಡೆದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸುವ ಹಾಗಿಲ್ಲ. ಲೇಬಲ್ ಮೇಲಿನ ದಿನಾಂಕ ಎಲ್ಲ ಪ್ಯಾಕೆಟ್‌ಗೂ ಒಂದೇ. ಹಾಗಾಗಿ ಅದು ಅತಿ ದುರ್ಬಲ ಪ್ಯಾಕೆಟ್‌ಗೂ ನಿಜವಾಗಿರಬೇಕು.

ಫಲಿತಾಂಶ ಸ್ಪಷ್ಟವಾಗಿತ್ತು. ಪಾರದರ್ಶಕ ಕವರಿನವು ಬೆಳಕಿನಲ್ಲಿ ಎರಡನೇ ತಿಂಗಳ ಒಳಗೇ ಕಮಟು ಬಂದವು. ಡಬ್ಬದಲ್ಲಿದ್ದವು ಸ್ವಲ್ಪ ತಡೆದವು, ಆದರೆ ಮೆತ್ತಗಾದವು. ಬೆಳ್ಳಿ ಪೌಚಿನವು ಮೂರು ತಿಂಗಳು ದಾಟಿದರೂ ತಿನ್ನುವ ಹಾಗಿದ್ದವು. ಆದರೆ ಪರೀಕ್ಷೆ ನಡೆದದ್ದು ಬೇಸಿಗೆಯಲ್ಲಿ, ತಿಪಟೂರಿನ ಒಣ ಹವೆಯಲ್ಲಿ. ಜುಲೈ ತಿಂಗಳ ಮಂಗಳೂರಿನ ಅಂಗಡಿಯ ಕತೆ ಬೇರೆ. ಸೀಲಿಂಗ್‌ನಲ್ಲಿ ನೂರಕ್ಕೆ ಒಂದೆರಡು ಪೌಚ್ ಸಣ್ಣದಾಗಿ ಸೋರುವುದೂ ಉಂಟು. ಅದನ್ನೆಲ್ಲ ಕಳೆದು ಬೆಳ್ಳಿ ಪೌಚಿಗೆ 75 ದಿನ ಅಂತ ತೀರ್ಮಾನಿಸಿದೆವು.

75 ದಿನ ಅಂದ ಮೇಲೆ ದಿನಾಂಕ ಬರೆಯುವ ರೀತಿಯೂ ಬದಲಾಯಿತು. 2020ರ ನಿಯಮದ ಪ್ರಕಾರ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕದ ಜೊತೆ ಮುಕ್ತಾಯ ದಿನಾಂಕ ಕಡ್ಡಾಯ. "ಬೆಸ್ಟ್ ಬಿಫೋರ್" ಬೇಕಿದ್ದರೆ ಜೊತೆಗೆ ಹಾಕಬಹುದು, ಅದೊಂದೇ ಸಾಲದು. ಮೂರು ತಿಂಗಳಿಗಿಂತ ಹೆಚ್ಚು ಬಾಳಿಕೆ ಇದ್ದರೆ ತಿಂಗಳು ಮತ್ತು ವರ್ಷ ಬರೆದರೆ ನಡೆಯುತ್ತದೆ. ಕಡಿಮೆ ಇದ್ದರೆ ದಿನ, ತಿಂಗಳು, ವರ್ಷ ಮೂರೂ ಬೇಕು. "ತಯಾರಿಸಿ 75 ದಿನದೊಳಗೆ" ಅಂತ ಬರೆದು ಗಿರಾಕಿಯ ಕೈಲಿ ಲೆಕ್ಕ ಹಾಕಿಸುವುದು ಬೇಡ ಅಂದೆ. ಎರಡೂ ದಿನಾಂಕ ಪೂರ್ತಿಯಾಗಿ, ಒಂದರ ಕೆಳಗೆ ಒಂದು.

ಯಜಮಾನರಿಗೆ ಆರು ತಿಂಗಳು ಎರಡೂವರೆ ತಿಂಗಳಿಗೆ ಇಳಿದದ್ದು ಬೇಸರ. ಅವರ ಚಿಂತೆ ನ್ಯಾಯವಾದದ್ದೇ. ಅಂಗಡಿಯವರು ಬಾಳಿಕೆ ಜಾಸ್ತಿ ಉಳಿದಿರುವ ಮಾಲು ಕೇಳುತ್ತಾರೆ. ಆನ್‌ಲೈನ್ ಮಾರಾಟಕ್ಕೆ 2024ರ ನವೆಂಬರ್‌ನಲ್ಲಿ ಬಂದ ಸೂಚನೆಯೂ ಇದೆ. ಗಿರಾಕಿಯ ಕೈ ಸೇರುವಾಗ ಶೇಕಡಾ 30ರಷ್ಟು ಬಾಳಿಕೆ, ಇಲ್ಲವೇ ಮುಕ್ತಾಯಕ್ಕೆ 45 ದಿನ ಉಳಿದಿರಬೇಕು. 75 ದಿನದ ಮಾಲಿಗೆ ಶೇಕಡಾ 30 ಅಂದರೆ ಸುಮಾರು 23 ದಿನ. ಅಂದರೆ ಮಾರಲು ಸಿಗುವುದು 52 ದಿನ. 45 ದಿನವೇ ಬೇಕು ಅನ್ನುವ ಕಡೆ ಒಂದೇ ತಿಂಗಳು. ಆದ್ದರಿಂದ ಒಮ್ಮೆಗೇ ಜಾಸ್ತಿ ಮಾಡಿ ಇಡುವ ಬದಲು ವಾರಕ್ಕೆ ಎರಡು ಸಲ ಮಾಡುವ ಹಾಗೆ ಅವರು ಕೆಲಸ ಬದಲಿಸಿಕೊಂಡರು. ಸಾರಜನಕದ ಮಷೀನ್ ತೆಗೆದುಕೊಂಡ ಮೇಲೆ ಮತ್ತೆ ಪರೀಕ್ಷೆ ಮಾಡಿ ದಿನ ಹೆಚ್ಚಿಸಬಹುದು. ಪರೀಕ್ಷೆಗೆ ಮೊದಲು ಹೆಚ್ಚಿಸುವ ಹಾಗಿಲ್ಲ.

ಈಗ ಮುಂಭಾಗ

ಹಿಂಭಾಗದ ಲೆಕ್ಕ ಕೈಯಲ್ಲಿ ಹಿಡಿದು ಮುಂಭಾಗದ ಒಂದೊಂದು ಬಿಲ್ಲೆಯನ್ನೂ ನೋಡಿದೆವು.

"ಕೊಲೆಸ್ಟ್ರಾಲ್ ಫ್ರೀ" ಮೊದಲು ಹೋಯಿತು. ನಿಪ್ಪಟ್ಟಿನಲ್ಲಿ ಕೊಲೆಸ್ಟ್ರಾಲ್ ಇಲ್ಲ, ಮಾತು ಸುಳ್ಳಲ್ಲ. ಆದರೆ ಹಾಗೆ ಹೇಳಿಕೊಳ್ಳಬೇಕಾದರೆ 100 ಗ್ರಾಂನಲ್ಲಿ ಸ್ಯಾಚುರೇಟೆಡ್ ಕೊಬ್ಬು ಕೂಡ 1.5 ಗ್ರಾಂ ಮೀರಬಾರದು ಎಂಬ ಷರತ್ತು 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯಲ್ಲಿದೆ. ಪಾಮೋಲಿನ್‌ನಲ್ಲಿ ಕರಿದ ಈ ನಿಪ್ಪಟ್ಟಿನಲ್ಲಿ ಅದು ಸುಮಾರು 10.5 ಗ್ರಾಂ. ಷರತ್ತಿನ ಹಿಂದಿನ ವಿವೇಕ ನನಗೆ ಇಷ್ಟ. ಹೃದಯದ ಚಿಂತೆ ಇರುವವರು ಆ ಬಿಲ್ಲೆ ನೋಡಿ ಕೊಂಡುಕೊಳ್ಳುತ್ತಾರೆ, ಕೊಬ್ಬಿನ ಸಾಲು ಓದುವುದಿಲ್ಲ.

"100% ನ್ಯಾಚುರಲ್" ಎರಡು ಕಾರಣಕ್ಕೆ ಹೋಯಿತು. 100% ಅನ್ನುವ ಪದವನ್ನು ಲೇಬಲ್‌ಗಳಲ್ಲಿ ಬಳಸಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಸಲಹೆ ಹೊರಡಿಸಿದೆ. "ನ್ಯಾಚುರಲ್" ಅನ್ನುವುದು ಏನೂ ಸೇರಿಸದ ಒಂಟಿ ಆಹಾರಕ್ಕೆ ಸಲ್ಲುವ ಮಾತು. ಹತ್ತು ಪದಾರ್ಥ ಸೇರಿಸಿ ಕರಿದದ್ದಕ್ಕೆ ಅಲ್ಲ. "ತಾಜಾ", "ಶುದ್ಧ" ಪದಗಳಿಗೂ ಹೀಗೇ ಬೇಲಿ ಇದೆ. "ಹಾಗಾದ್ರೆ ಬ್ರ್ಯಾಂಡ್ ಹೆಸರಲ್ಲೇ ಶುದ್ಧ ಅಂತ ಸೇರಿಸಿಬಿಡೋಣ" ಅಂದರು ಯಜಮಾನರು, ನಗುತ್ತಾ. ಅದಕ್ಕೂ ನಿಯಮ ಇದೆ. ಹೆಸರಿನಲ್ಲಿ ಹಾಗಿದ್ದರೆ, ಇದು ಬರೀ ಬ್ರ್ಯಾಂಡ್ ಹೆಸರು, ಪದಾರ್ಥದ ನಿಜವಾದ ಗುಣವಲ್ಲ ಎಂದು ಕನಿಷ್ಠ 3 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಬರೆಯಬೇಕಾಗುತ್ತದೆ. ತಾನೇ ಹೊಗಳಿಕೊಂಡು ತಾನೇ ಅಲ್ಲಗಳೆದ ಹಾಗೆ!

"ನೋ ಪ್ರಿಸರ್ವೇಟಿವ್ಸ್" ಬಗ್ಗೆ ಮನೆಯವರಿಗೆ ಖಚಿತ ನಂಬಿಕೆ ಇತ್ತು. ಅವರು ಏನೂ ಹಾಕುವುದಿಲ್ಲ, ನಿಜ. ಆದರೆ ಅವರು ತರುವ ಎಣ್ಣೆಯ ಟಿನ್ ಮೇಲೆ "ಆಂಟಿಆಕ್ಸಿಡೆಂಟ್ ಐಎನ್‌ಎಸ್ 319" ಇತ್ತು. ಎಣ್ಣೆ ಹಳಸದಿರಲು ಎಣ್ಣೆ ಕಂಪನಿಯೇ ಹಾಕಿದ್ದು. ಕಾನೂನಿನ ವಿಂಗಡಣೆಯಲ್ಲಿ ಪ್ರಿಸರ್ವೇಟಿವ್ ಬೇರೆ, ಆಂಟಿಆಕ್ಸಿಡೆಂಟ್ ಬೇರೆ, ವಾದ ಮಾಡಬಹುದು. ಕೊಳ್ಳುವವರಿಗೆ ಎರಡೂ ಒಂದೇ. ವಾದ ಮಾಡಿ ಗೆಲ್ಲಬೇಕಾದ ಮಾತನ್ನು ಮುಂಭಾಗದಲ್ಲಿ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ತೆಗೆದೆವು.

ಕಷ್ಟವಾದದ್ದು "ಮನೆಯಲ್ಲೇ ಮಾಡಿದ" ಅನ್ನುವುದನ್ನು ಬಿಡುವಾಗ. ಅವರು ಮಾಡುವುದು ಮನೆಯ ಹಿಂದೆಯೇ, ಅಜ್ಜಿ ಇರುವುದೂ ನಿಜ. ಆದರೆ ಕೊಳ್ಳುವವರಿಗೆ ತಪ್ಪು ಕಲ್ಪನೆ ಕೊಡುವ "ಹೋಮ್ ಮೇಡ್", "ಮನೆ ಅಡುಗೆ" ಥರದ ಮಾತುಗಳನ್ನು ಅದೇ 2018ರ ನಿಯಮ ತಡೆಯುತ್ತದೆ. ನೋಂದಣಿ ಪಡೆದು, ಕೆಲಸದವರನ್ನು ಇಟ್ಟು, ದಿನಕ್ಕೆ ಹತ್ತಾರು ಕಿಲೋ ಕರಿಯುವ ಶೆಡ್ಡನ್ನು ಅಧಿಕಾರಿಗಳು ಮನೆ ಅನ್ನುವುದಿಲ್ಲ. ಅಜ್ಜಿಗೆ ಇದು ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. "ನಾನು ಮನೇಲಿ ಮಾಡದೆ ಇನ್ನೆಲ್ಲಿ ಮಾಡ್ತೀನಪ್ಪ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾದರೆ ಮುಂದೆ ಏನು ಉಳಿಯಿತು? ಇಲ್ಲೇ ತೂಕದ ಲೆಕ್ಕ ಕೈಹಿಡಿಯಿತು. ಇವರ ನಿಪ್ಪಟ್ಟು ಬೇರೆಯವರದ್ದಕ್ಕಿಂತ ಬೇರೆಯಾಗಿರುವುದು ಎಲ್ಲಿ? ಕಡಲೆಕಾಯಿ ಬೀಜವನ್ನು ಪುಡಿ ಮಾಡುವುದಿಲ್ಲ, ಬಾಯಿಗೆ ಸಿಗುವ ಹಾಗೆ ತರಿಯಾಗಿ ಕುಟ್ಟುತ್ತಾರೆ. ಕರಿಬೇವನ್ನು ಧಾರಾಳವಾಗಿ ಹಾಕುತ್ತಾರೆ, ಎಲೆ ಕಾಣುತ್ತದೆ. ಯಂತ್ರದಲ್ಲಿ ಒತ್ತುವುದಿಲ್ಲ, ಕೈಯಲ್ಲೇ ತಟ್ಟುತ್ತಾರೆ, ಅಂಚು ಒರಟು. ಇವು ಮೂರೂ ಪ್ಯಾಕೆಟ್ ಬಿಚ್ಚಿದರೆ ಕಣ್ಣಿಗೆ ಕಾಣುವ ಸಂಗತಿಗಳು. ಮುಂಭಾಗದ ಸಾಲು ಹೀಗಾಯಿತು: "ಕೈಯಲ್ಲಿ ತಟ್ಟಿದ ನಿಪ್ಪಟ್ಟು. ಬಾಯಿಗೆ ಸಿಗುವ ಕಡಲೆಕಾಯಿ, ಕಣ್ಣಿಗೆ ಕಾಣುವ ಕರಿಬೇವು."

ಕಡಲೆಕಾಯಿಯನ್ನು ಹೀಗೆ ಎತ್ತಿ ಹೇಳಿದ ಮೇಲೆ ಅದರ ಪ್ರಮಾಣವನ್ನೂ ಹೇಳಬೇಕು. ಒಟ್ಟು ಹಾಕಿದ್ದು, ಎಣ್ಣೆ ಸೇರಿ, 10.62 ಕಿಲೋ. ಅದರಲ್ಲಿ ಕಡಲೆಕಾಯಿ 1 ಕಿಲೋ, ಅಂದರೆ 9.4%. ಕರಿಬೇವು 0.9%. ಕರಿಬೇವಿನ ಸಂಖ್ಯೆ ಸಣ್ಣದು ಅಂತ ಯಜಮಾನರು ಹಿಂಜರಿದರು. ಒಣಗಿ ಹಗುರಾಗುವ ಎಲೆ ಅದು, ತೂಕದಲ್ಲಿ ಅಷ್ಟೇ ಬರುವುದು. ಇರಲಿ ಅಂದೆವು.

ಫೋಟೋದಲ್ಲೂ ಇದೇ ಶಿಸ್ತು. ಮೊದಲಿನ ಚಿತ್ರದಲ್ಲಿ ನಿಪ್ಪಟ್ಟಿನ ಪಕ್ಕ ಗೋಡಂಬಿ ರಾಶಿ ಇತ್ತು, ಎಲ್ಲಿಂದಲೋ ತೆಗೆದ ಚಿತ್ರ. ಒಳಗೆ ಗೋಡಂಬಿಯೇ ಇಲ್ಲ. ಅವರದ್ದೇ ನಿಪ್ಪಟ್ಟನ್ನು ಕಿಟಕಿ ಬೆಳಕಿನಲ್ಲಿ ಇಟ್ಟು ಮೊಬೈಲಿನಲ್ಲಿ ತೆಗೆದೆವು. ಒರಟು ಅಂಚು ಹಾಗೇ ಇತ್ತು, ಅದೇ ಚೆಂದ ಕಂಡಿತು.

ಕೊನೆಗೆ ಅಚ್ಚಾದದ್ದು

ನಿಯಮದಂತೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು, ಜೊತೆಗೆ ಬೇರೆ ಭಾಷೆ ಹಾಕಬಹುದು. ಕರ್ನಾಟಕದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುವಿನ ಹೆಸರು ಮತ್ತು ಸೂಚನೆ ಕನ್ನಡದಲ್ಲೂ ಇರಬೇಕು ಎಂದು ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಆದ್ದರಿಂದ ಹಿಂಭಾಗದಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡೂ ಬಂದವು. ಮುಂಭಾಗದಲ್ಲಿ ಕನ್ನಡ ದೊಡ್ಡದು. ಕನ್ನಡದ ಪಠ್ಯ ಇಷ್ಟು:

ನಿಪ್ಪಟ್ಟು (ಅಕ್ಕಿ ಹಿಟ್ಟಿನ ಕರಿದ ಖಾರ ತಿಂಡಿ). ನಿವ್ವಳ ತೂಕ 200 ಗ್ರಾಂ.

ಪದಾರ್ಥಗಳು: ಅಕ್ಕಿ ಹಿಟ್ಟು, ಪಾಮೋಲಿನ್ ಎಣ್ಣೆ, ಹುರಿಗಡಲೆ ಹಿಟ್ಟು, ಕಡಲೆಕಾಯಿ ಬೀಜ (9.4%), ಮೈದಾ (ಗೋಧಿ), ಮೆಣಸಿನಕಾಯಿ ಪುಡಿ, ಉಪ್ಪು, ಎಳ್ಳು, ಕರಿಬೇವು (0.9%), ಕೂಟು ಇಂಗು (ಗೋಧಿ ಹಿಟ್ಟು ಇದೆ), ಉಬ್ಬಿಸುವ ಪದಾರ್ಥ ಐಎನ್‌ಎಸ್ 500(ii).

ಕಡಲೆಕಾಯಿ, ಗೋಧಿ, ಎಳ್ಳು ಇದೆ. ಹಾಲಿನ ಅಂಶ ಇರಬಹುದು.

ತೇವವಿಲ್ಲದ, ಬಿಸಿಲು ಬೀಳದ ಜಾಗದಲ್ಲಿಡಿ. ಬಿಚ್ಚಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿಡಿ.

ಇದರ ಕೆಳಗೆ ಪೋಷಕಾಂಶಗಳ ಪಟ್ಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂಥವನ್ನು ಇಟ್ಟುಕೊಂಡು ಮೊದಲು ಲೆಕ್ಕ ಹಾಕಿದೆ, ಆಮೇಲೆ ಲ್ಯಾಬ್ ವರದಿಯ ಜೊತೆ ತಾಳೆ ನೋಡಿದೆವು. 100 ಗ್ರಾಂಗೆ ಶಕ್ತಿ ಸುಮಾರು 520 ಕಿಲೋ ಕ್ಯಾಲೊರಿ, ಕೊಬ್ಬು 30 ಗ್ರಾಂ, ಸೋಡಿಯಂ 580 ಮಿಲಿಗ್ರಾಂ. ಲೆಕ್ಕಕ್ಕೂ ವರದಿಗೂ ದೊಡ್ಡ ಅಂತರ ಬಂದರೆ ಎಣ್ಣೆಯ ತೂಕದಲ್ಲಿ ಎಲ್ಲೋ ತಪ್ಪಿದೆ ಎಂದು ಅರ್ಥ. ಒಂದು ಸಲಕ್ಕೆ ತಿನ್ನುವ ಪ್ರಮಾಣ ಎಂದು ಮೂರು ನಿಪ್ಪಟ್ಟು, 30 ಗ್ರಾಂ, ಇಟ್ಟೆವು. ಅಷ್ಟರಲ್ಲಿ ದಿನಕ್ಕೆ ಹೇಳಿರುವ 67 ಗ್ರಾಂ ಕೊಬ್ಬಿನಲ್ಲಿ 13% ಬರುತ್ತದೆ. ಪ್ರಮಾಣವನ್ನು 15 ಗ್ರಾಂ ಅಂತ ಇಟ್ಟು ಸಂಖ್ಯೆ ಚಿಕ್ಕದಾಗಿ ಕಾಣಿಸುವವರಿದ್ದಾರೆ. ಒಂದೂವರೆ ನಿಪ್ಪಟ್ಟು ತಿಂದು ಕೈ ತೊಳೆಯುವವರನ್ನು ನಾನು ನೋಡಿಲ್ಲ.

ಬೆಲೆ 90 ರೂಪಾಯಿ, ಎಲ್ಲ ತೆರಿಗೆ ಸೇರಿ. ಪಕ್ಕದಲ್ಲಿ ಗ್ರಾಂಗೆ 0.45 ರೂಪಾಯಿ, ಇದು ಈಗ ಕಡ್ಡಾಯ. ಬ್ಯಾಚ್ ಸಂಖ್ಯೆ, ಎರಡು ದಿನಾಂಕ, ಬೆಲೆ, ಇವಿಷ್ಟಕ್ಕೂ ಬಿಳಿ ಚೌಕ ಬಿಟ್ಟೆವು, ಸೀಲಿನ ಮಡಿಕೆಯಿಂದ ದೂರ. ಪೌಚ್ ಮೇಲೆ ಎಣ್ಣೆ ಕೈ ತಾಗಿದರೆ ಶಾಯಿ ಅಳಿಸುತ್ತದೆ. ಅದಕ್ಕೇ ತುಂಬುವ ಮೊದಲೇ ದಿನಾಂಕ ಒತ್ತುವ ಹಾಗೆ ಕ್ರಮ ಬದಲಾಯಿತು. ತಯಾರಕರ ಪೂರ್ತಿ ವಿಳಾಸ, ದೂರಿಗೆ ಫೋನ್ ಮತ್ತು ಇಮೇಲ್, 14 ಅಂಕಿಯ ನೋಂದಣಿ ಸಂಖ್ಯೆ, ಇವು ತಮ್ಮ ಪಾಡಿಗೆ ಕೂತವು.

ಪೌಚನ್ನೇ ಅಚ್ಚು ಹಾಕಿಸುವುದು ಬೇಡ ಅಂದೆ. ಅದಕ್ಕೆ ಅಚ್ಚಿನ ಸಿಲಿಂಡರ್ ಮಾಡಿಸಬೇಕು, ಒಮ್ಮೆಗೆ ಸಾವಿರಾರು ಪೌಚ್ ತೆಗೆದುಕೊಳ್ಳಬೇಕು. ಒಂದು ಪದ ಬದಲಾದರೂ ಎಲ್ಲ ವ್ಯರ್ಥ. ಸಾದಾ ಬೆಳ್ಳಿ ಪೌಚಿಗೆ ಮುಂದೊಂದು ಹಿಂದೊಂದು ಸ್ಟಿಕ್ಕರ್ ಸಾಕು.

ಆ ನಿರ್ಧಾರ ಬೇಗನೇ ಉಪಯೋಗಕ್ಕೆ ಬಂತು. ದೀಪಾವಳಿಯ ಹೊತ್ತಿಗೆ ಪಾಮೋಲಿನ್ ಬೆಲೆ ಏರಿ, ಅಂಗಡಿಯವನು ಸೂರ್ಯಕಾಂತಿ ಎಣ್ಣೆ ಕೊಡ್ತೀನಿ ಅಂದ. ಯಜಮಾನರ ಹೆಂಡತಿ ನನಗೆ ಫೋನ್ ಮಾಡಿದರು. "ಎಣ್ಣೆ ತಾನೇ ಸರ್, ಬದಲಾಯಿಸಿದ್ರೆ ನಡೆಯುತ್ತಾ?" ಕರಿಯುವುದಕ್ಕೆ ನಡೆಯುತ್ತದೆ, ಆ ಸ್ಟಿಕ್ಕರಿಗೆ ನಡೆಯುವುದಿಲ್ಲ. ಎಣ್ಣೆಯ ಹೆಸರು ಬದಲಾಗುತ್ತದೆ. ಸ್ಯಾಚುರೇಟೆಡ್ ಕೊಬ್ಬು 10.5 ಗ್ರಾಂನಿಂದ ಸುಮಾರು 3.6ಕ್ಕೆ ಇಳಿಯುತ್ತದೆ. ಇಳಿದರೆ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆದರೆ ಸೂರ್ಯಕಾಂತಿ ಎಣ್ಣೆ ಪಾಮೋಲಿನ್‌ಗಿಂತ ಬೇಗ ಹಳಸುತ್ತದೆ, ಆದ್ದರಿಂದ 75 ದಿನವೂ ಅದಕ್ಕೆ ಹೊಂದುವುದಿಲ್ಲ. ಹಬ್ಬದ ಆ ಮಾಲಿಗೆ ಬೇರೆ ಸ್ಟಿಕ್ಕರ್ ಮಾಡಿದೆವು. ಹೊಸ ಪರೀಕ್ಷೆ ಮುಗಿಯುವವರೆಗೆ ಅದರ ಮೇಲೆ 30 ದಿನದ ಮುಕ್ತಾಯ ದಿನಾಂಕ, ಆ ಮಾಲು ಹತ್ತಿರದ ಬೇಕರಿಗಳಿಗೆ ಮಾತ್ರ. ಈಗ ಶೆಡ್ಡಿನ ಗೋಡೆಗೆ ಎರಡು ಸ್ಟಿಕ್ಕರ್ ರೋಲ್ ನೇತು ಹಾಕಿದ್ದಾರೆ, ಒಂದರ ಮೇಲೆ ಪಾಮ್, ಇನ್ನೊಂದರ ಮೇಲೆ ಸೂರ್ಯ ಅಂತ ಮಾರ್ಕರ್‌ನಲ್ಲಿ ಬರೆದಿದೆ. ಬೆಳಿಗ್ಗೆ ಯಾವ ಟಿನ್ ಒಡೆದರು ಅನ್ನುವುದನ್ನು ನೋಡಿ ಅಜ್ಜಿಯೇ ರೋಲ್ ಇಳಿಸಿಕೊಡುತ್ತಾರೆ.